ಮುಟ್ಟು ನಿಲ್ಲುವ ಕಾಲದ ಮೈ ಝಳಕ್ಕೆ ಬ್ಲ್ಯಾಕ್ ಕೊಹೋಶ್ ಆಗಬೇಕೆ, ಸೋಯಾ ಆಗಬೇಕೆ?

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಔಷಧ ಅಂಗಡಿಯಲ್ಲಿ ನಾನು ಬಹಳ ವರ್ಷಗಳಿಂದ ಫಾರ್ಮಸಿಸ್ಟ್ ಆಗಿದ್ದೇನೆ. ನಲವತ್ತೈದು ದಾಟಿದ ಹೆಂಗಸರು ಕೌಂಟರಿನ ಮುಂದೆ ಜನ ಕಡಿಮೆಯಾಗುವವರೆಗೂ ಕಾದು, ಮೊಬೈಲಿನಲ್ಲಿ ಯಾವುದೋ ಡಬ್ಬಿಯ ಚಿತ್ರ ತೋರಿಸಿ, "ಇದು ಗಿಡಮೂಲಿಕೆಯದ್ದು, ಹಾರ್ಮೋನ್ ಇಲ್ಲವಂತೆ, ತೊಗೋಬಹುದಾ?" ಎಂದು ಮೆಲ್ಲಗೆ ಕೇಳುತ್ತಾರೆ. ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆ ಸೇರಿಕೊಂಡಿದೆ. ಗಿಡಮೂಲಿಕೆ ಎಂಬುದು ಒಂದೇ ಜಾತಿಯ ವಸ್ತುವಲ್ಲ. ಬ್ಲ್ಯಾಕ್ ಕೊಹೋಶ್ ಮತ್ತು ಸೋಯಾ ಐಸೊಫ್ಲೇವೋನ್ ಒಂದೇ ಡಬ್ಬಿಯಲ್ಲಿ ಸಿಕ್ಕರೂ ದೇಹದಲ್ಲಿ ಅವುಗಳ ದಾರಿ ಬೇರೆ ಬೇರೆ, ಅವುಗಳಿಂದ ಬರಬಹುದಾದ ತೊಂದರೆಯೂ ಬೇರೆ ಬೇರೆ. ಜನ ಅವುಗಳಿಗೆ ಹೆದರುವ ರೀತಿ ಮಾತ್ರ ಬಹುಮಟ್ಟಿಗೆ ಅದಲುಬದಲಾಗಿದೆ: ಸೋಯಾ ಊಟದ ಪದಾರ್ಥವಾದ್ದರಿಂದ ನಿರಪಾಯಕಾರಿ ಎಂದು ತಿಳಿಯುತ್ತಾರೆ, ಕೊಹೋಶ್ ಹೆಸರು ಅಪರಿಚಿತವಾದ್ದರಿಂದ ಅದರಲ್ಲಿ ಹಾರ್ಮೋನ್ ಇರಬಹುದೆಂದು ಅಂಜುತ್ತಾರೆ. ಹಾರ್ಮೋನಿನಂತೆ ವರ್ತಿಸುವುದು ಸೋಯಾ. ಕೊಹೋಶ್ ವಿಷಯದಲ್ಲಿ ಗಮನಿಸಬೇಕಾದದ್ದು ಲಿವರ್.

ಇಲ್ಲಿ ನಾನು ಮೈ ಝಳ ಮತ್ತು ರಾತ್ರಿಯ ಬೆವರು, ಇವೆರಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಮೂಲಿಕೆಗಳನ್ನು ಪರೀಕ್ಷಿಸಿರುವುದು ಹೆಚ್ಚಾಗಿ ಅವುಗಳ ಮೇಲೆಯೇ. ಯೋನಿಯ ಶುಷ್ಕತೆಗೆ ಆಗಲಿ, ಮೂಳೆ ಸವೆತಕ್ಕೆ ಆಗಲಿ ಈ ಕ್ಯಾಪ್ಸೂಲುಗಳನ್ನು ನಂಬಿ ಕೂರಬಾರದು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ನಲವತ್ತಕ್ಕಿಂತ ಮೊದಲೇ ನಿಂತವರಿಗೆ ಈ ಹೋಲಿಕೆಯೇ ಅನ್ವಯಿಸುವುದಿಲ್ಲ. ಅವರ ಮೂಳೆ ಮತ್ತು ಹೃದಯಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕೊರತೆ ಬಹುಕಾಲ ಹೊರೆಯಾಗುವುದರಿಂದ ಅವರು ನೇರವಾಗಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ಸೋಯಾ: ಅರ್ಧ ಹಾರ್ಮೋನ್ ಎಂದರೂ ತಪ್ಪಿಲ್ಲ

ಸೋಯಾ ಅವರೆಯಲ್ಲಿ ಜೆನಿಸ್ಟೀನ್, ಡೈಡ್ಜೀನ್ ಮತ್ತು ಗ್ಲೈಸಿಟೀನ್ ಎಂಬ ಮೂರು ಐಸೊಫ್ಲೇವೋನುಗಳಿವೆ. ಅವುಗಳ ಆಕಾರ ಈಸ್ಟ್ರೋಜನ್ನಿನ ಆಕಾರಕ್ಕೆ ಹತ್ತಿರವಾದದ್ದರಿಂದ ಅವು ಜೀವಕೋಶಗಳಲ್ಲಿ ಈಸ್ಟ್ರೋಜನ್ ಬಂದು ಕೂರುವ ಜಾಗಗಳಾದ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿದ್ದು, ಗರ್ಭಕೋಶದ ಒಳಪದರವನ್ನು ಬೆಳೆಸುವ ಕೆಲಸದಲ್ಲಿ ಆಲ್ಫಾದ ಪಾತ್ರ ದೊಡ್ಡದು. ಐಸೊಫ್ಲೇವೋನುಗಳು ಹೆಚ್ಚಾಗಿ ಬೀಟಾವನ್ನು ಹಿಡಿಯುತ್ತವೆ, ಅದೂ ದೇಹದ ಸ್ವಂತ ಹಾರ್ಮೋನಿಗಿಂತ ಬಹಳ ದುರ್ಬಲವಾಗಿ. ಅವುಗಳ ಗುಣವೂ ಮಿತಿಯೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಗುಣ ಎಷ್ಟು? ಹಲವು ಪ್ರಯೋಗಗಳನ್ನು ಕೂಡಿಸಿ 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ದಿನಕ್ಕೆ ಸುಮಾರು 54 ಮಿಲಿಗ್ರಾಂ ಐಸೊಫ್ಲೇವೋನ್ ಪಡೆದವರಲ್ಲಿ ಝಳದ ಸಂಖ್ಯೆ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಇಳಿದಿತ್ತು. ಜೆನಿಸ್ಟೀನ್ 19 ಮಿಲಿಗ್ರಾಂನಷ್ಟಾದರೂ ಇದ್ದ ಮಾತ್ರೆಗಳ ಫಲ ಅದಕ್ಕಿಂತ ಕಡಿಮೆಯಿದ್ದವುಗಳ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಆದರೆ ಬೇಗ ಫಲ ಕಾಣುವ ವಸ್ತು ಇದಲ್ಲ. ಹಾರ್ಮೋನ್ ಚಿಕಿತ್ಸೆಯಲ್ಲಿ ಕೊಡುವ ಈಸ್ಟ್ರಡಯಾಲ್ ತನ್ನ ಪೂರ್ಣ ಫಲದ ಅರ್ಧವನ್ನು ಮೂರು ವಾರಗಳಲ್ಲಿ ತೋರಿದರೆ, ಸೋಯಾಕ್ಕೆ ಅದರದ್ದೇ ಪೂರ್ಣ ಫಲದ ಅರ್ಧವನ್ನು ಮುಟ್ಟಲು ಸುಮಾರು ಹದಿಮೂರು ವಾರ ಬೇಕಾಗುತ್ತದೆ ಎಂದು ಇನ್ನೊಂದು ವಿಶ್ಲೇಷಣೆ ಲೆಕ್ಕ ಹಾಕಿದೆ. ಹದಿನೈದು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಡಬ್ಬಿಯನ್ನು ಮೂಲೆಗೆ ಸರಿಸುವವರು ಅದಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಕೆಲವರಿಗೆ ಕಾದರೂ ಫಲ ಸಿಗದಿರುವುದಕ್ಕೆ ಒಂದು ಕಾರಣ ಕರುಳಿನಲ್ಲಿದೆ: ಡೈಡ್ಜೀನನ್ನು ಇಕ್ವಾಲ್ ಎಂಬ ಹೆಚ್ಚು ಶಕ್ತಿಯ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಜಪಾನಿನವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಈ ಮಾರ್ಪಾಟು ನಡೆಯುತ್ತದೆ, ಪಾಶ್ಚಾತ್ಯರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ.

ಇನ್ನು ಹಾರ್ಮೋನ್ ಸಂಬಂಧದ ಎಚ್ಚರಿಕೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಮುಟ್ಟು ನಿಂತ ಮಹಿಳೆಯರಲ್ಲಿ ಪೂರಕ ಮಾತ್ರೆಗಳಲ್ಲಿ ದೊರೆಯುವ ಪ್ರಮಾಣದ ಐಸೊಫ್ಲೇವೋನಿನಿಂದ ಸ್ತನ, ಗರ್ಭಕೋಶ ಮತ್ತು ಥೈರಾಯ್ಡಿಗೆ ಹಾನಿಯಾಗುವ ಸೂಚನೆ ಕಾಣಲಿಲ್ಲ ಎಂದಿತು. ಇದು ಸಮಾಧಾನದ ಮಾತು ನಿಜ, ಆದರೆ ಅಲ್ಲಿ ಪರಿಶೀಲನೆಗೆ ಬಂದದ್ದು ಹೆಚ್ಚಾಗಿ ಮೂರು ವರ್ಷದೊಳಗಿನ ಬಳಕೆ. ಇಟಲಿಯಲ್ಲಿ ದಿನಕ್ಕೆ 150 ಮಿಲಿಗ್ರಾಂನಂತೆ ಐದು ವರ್ಷ ಕೊಟ್ಟು ನೋಡಿದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋಯಾ ಪಡೆದ ನೂರಕ್ಕೆ ಮೂರು-ನಾಲ್ಕು ಮಂದಿಯಲ್ಲಿ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದಿತ್ತು. ಹುಸಿ ಮಾತ್ರೆಯವರಲ್ಲಿ ಒಬ್ಬರಲ್ಲೂ ಹಾಗಾಗಿರಲಿಲ್ಲ. ಆದ್ದರಿಂದ ಪ್ರಮಾಣ ದಿನಕ್ಕೆ 50-60 ಮಿಲಿಗ್ರಾಂನ ಆಸುಪಾಸಿನಲ್ಲಿರಲಿ, ಅವಧಿಗೆ ಒಂದು ಕೊನೆ ಇರಲಿ ಎಂಬುದು ನನ್ನ ಅಭಿಪ್ರಾಯ. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ "ಸೋಯಾದ ಉಷ್ಣ ಇರಬೇಕು" ಎಂದು ಸುಮ್ಮನಿರದೆ, ಮಾತ್ರೆಯನ್ನು ನಿಲ್ಲಿಸಿ ಸ್ತ್ರೀರೋಗ ತಜ್ಞರ ಬಳಿ ಸ್ಕ್ಯಾನ್ ಮಾಡಿಸಬೇಕು.

ಸ್ತನ ಕ್ಯಾನ್ಸರ್ ಆದವರ ಮಾತು ಬೇರೆ. ಅವರು ಸೋಯಾ ಹಾಲು, ತೋಫು ಮುಂತಾದವನ್ನು ಊಟದಲ್ಲಿ ಮಿತವಾಗಿ ತಿನ್ನುವುದರಿಂದ ಕೆಡುಕಾಗುತ್ತದೆ ಎನ್ನಲು ಆಧಾರವಿಲ್ಲ. ಸಾಂದ್ರಗೊಳಿಸಿದ ಕ್ಯಾಪ್ಸೂಲಿಗೆ ಇದೇ ಮಾತನ್ನು ಹೇಳಲಾಗದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಜೆನಿಸ್ಟೀನ್, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯ ಕೆಲಸವನ್ನು ಕುಗ್ಗಿಸಿದ್ದುಂಟು. ಟಮಾಕ್ಸಿಫೆನ್ ಅಥವಾ ಲೆಟ್ರೋಜೋಲಿನಂಥ ಮಾತ್ರೆಯಲ್ಲಿ ಇರುವವರು ಕೇಳಿದರೆ ನಾನು ಈ ಡಬ್ಬಿಯನ್ನು ಕೊಡುವುದಿಲ್ಲ, ಅವರ ಆಂಕಾಲಜಿಸ್ಟ್ ಚೀಟಿ ಬರೆಯದ ಹೊರತು.

ಬ್ಲ್ಯಾಕ್ ಕೊಹೋಶ್: ಹಾರ್ಮೋನ್ ಅಲ್ಲ, ಆದರೆ ಲಿವರ್ ಮೇಲೆ ಕಣ್ಣಿರಲಿ

ಇದು ಉತ್ತರ ಅಮೆರಿಕದ ಕಾಡುಗಳ ಗಿಡ, ಸಸ್ಯಶಾಸ್ತ್ರದ ಹೆಸರು ಆಕ್ಟಿಯಾ ರೆಸಿಮೋಸಾ. ಔಷಧಕ್ಕೆ ಬಳಸುವುದು ಅದರ ಬೇರುಗಡ್ಡೆಯನ್ನು. ಬ್ಲೂ ಕೊಹೋಶ್ ಎಂಬುದು ಸಂಬಂಧವೇ ಇಲ್ಲದ ಬೇರೆ ಗಿಡ, ಅದರಲ್ಲಿ ವಿಷಾಂಶವುಂಟು. ಆನ್‌ಲೈನಿನಲ್ಲಿ ತರಿಸುವವರು ಹೆಸರನ್ನು ಪೂರ್ತಿ ಓದಬೇಕು.

ಈ ಬೇರು ಈಸ್ಟ್ರೋಜನ್ನಿನಂತೆ ಕೆಲಸ ಮಾಡುತ್ತದೆ ಎಂದು ಹಿಂದೆ ನಂಬಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅದು ರಕ್ತದ ಹಾರ್ಮೋನ್ ಮಟ್ಟವನ್ನು ಬದಲಿಸಿದ್ದಾಗಲಿ, ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸಿದ್ದಾಗಲಿ ಕಾಣಲಿಲ್ಲ. ಮಿದುಳಿನ ಸಿರೊಟೋನಿನ್ ಗ್ರಾಹಕಗಳ ಮೂಲಕ ಶಾಖ ನಿಯಂತ್ರಣದ ಮೇಲೆ ಪರಿಣಾಮ ಬೀರಬಹುದೆಂದು ಈಗ ಊಹಿಸುತ್ತಾರೆ. ಗುಣದ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಿವೆ. ಅಮೆರಿಕದಲ್ಲಿ 351 ಮಹಿಳೆಯರ ಮೇಲೆ ಒಂದು ವರ್ಷ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 160 ಮಿಲಿಗ್ರಾಂ ಕೊಹೋಶ್ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಅದೇ ಪ್ರಯೋಗದಲ್ಲಿ ಹಾರ್ಮೋನ್ ಚಿಕಿತ್ಸೆ ಪಡೆದವರಿಗೆ ಹುಸಿ ಮಾತ್ರೆಯವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು ನಾಲ್ಕು ಝಳಗಳು ಕಡಿಮೆಯಾದವು. ವೈದ್ಯಕೀಯ ಪ್ರಯೋಗಗಳನ್ನು ಕೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಇದನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ಇತ್ತ ಯುರೋಪಿನ ಔಷಧ ಸಂಸ್ಥೆಯು ಕೆಲವು ನಿರ್ದಿಷ್ಟ ಸಾರಗಳನ್ನು ಝಳ ಮತ್ತು ಬೆವರಿಗೆ ಅಂಗೀಕೃತ ಬಳಕೆಯೆಂದೇ ಪಟ್ಟಿ ಮಾಡಿದೆ. ಈ ಎರಡು ನಿಲುವುಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಸಾರದ ಬಗೆ ಎಂದು ನನಗನಿಸುತ್ತದೆ. ಯುರೋಪಿನ ಅಂಗೀಕಾರ ಸಿಕ್ಕಿರುವುದು ನಿಗದಿತ ದ್ರಾವಕದಲ್ಲಿ, ನಿಗದಿತ ಅನುಪಾತದಲ್ಲಿ ತೆಗೆದ ಸಾರಕ್ಕೇ ಹೊರತು ಕೊಹೋಶ್ ಎಂಬ ಹೆಸರಿಗಲ್ಲ.

ಇದೇ ಕಾರಣಕ್ಕೆ ಲೇಬಲ್ಲಿನ "40 ಮಿಲಿಗ್ರಾಂ" ಎಂಬ ಅಂಕಿ ದಾರಿ ತಪ್ಪಿಸುತ್ತದೆ. ಯುರೋಪಿನ ಲೆಕ್ಕದಲ್ಲಿ ದಿನಕ್ಕೆ 40 ಮಿಲಿಗ್ರಾಂ ಎಂದರೆ ಅಷ್ಟು ತೂಕದ ಒಣ ಬೇರಿಗೆ ಸಮನಾದ ಸಾರ. ಅಂದರೆ ಸಾರದ ನಿಜವಾದ ತೂಕ ಕೆಲವೇ ಮಿಲಿಗ್ರಾಂ. ನಮ್ಮಲ್ಲಿ ಸಿಗುವ ಎಷ್ಟೋ ಡಬ್ಬಿಗಳ ಮೇಲೆ ಅದು ಬೇರಿನ ಲೆಕ್ಕವೋ ಸಾರದ ಲೆಕ್ಕವೋ ಎಂಬುದನ್ನೇ ಬರೆದಿರುವುದಿಲ್ಲ. ಜೊತೆಗೆ ಕಲಬೆರಕೆಯ ತೊಂದರೆಯೂ ಇದೆ: ಅಮೆರಿಕದಲ್ಲಿ 36 ಉತ್ಪನ್ನಗಳ ಡಿಎನ್ಎ ಪರೀಕ್ಷಿಸಿದಾಗ 9ರಲ್ಲಿ ಕೊಹೋಶ್ ಬದಲು ಏಷ್ಯಾದ ಅಗ್ಗದ ಆಕ್ಟಿಯಾ ಜಾತಿಗಳಿದ್ದವು.

ಲಿವರ್ ತೊಂದರೆ ಅಪರೂಪದ್ದು, ಆದರೆ ಬಂದರೆ ಹಗುರವಾದದ್ದಲ್ಲ. ಕೊಹೋಶ್ ತೆಗೆದುಕೊಂಡವರಲ್ಲಿ ಕಾಮಾಲೆಯ ಮತ್ತು ಕೆಲವೊಮ್ಮೆ ಲಿವರ್ ಕಸಿಯವರೆಗೆ ಹೋದ ವರದಿಗಳು ಬಂದ ಮೇಲೆ ಯುರೋಪ್ ಮತ್ತು ಆಸ್ಟ್ರೇಲಿಯಾದ ನಿಯಂತ್ರಕರು ಡಬ್ಬಿಯ ಮೇಲೆ ಎಚ್ಚರಿಕೆ ಬರೆಸಿದರು. ತಪ್ಪು ಕೊಹೋಶಿನದೋ ಕಲಬೆರಕೆಯದೋ ಎಂಬ ವಾದ ಮುಗಿದಿಲ್ಲ. ನುಂಗುವವರಿಗೆ ಆ ವಾದದಿಂದ ಪ್ರಯೋಜನವೂ ಇಲ್ಲ. ಮೊದಲೇ ಲಿವರ್ ಕಾಯಿಲೆ ಇದ್ದವರು, ದಿನವೂ ಮದ್ಯ ಸೇವಿಸುವವರು, ಕ್ಷಯದ ಮಾತ್ರೆಯಲ್ಲಿರುವವರು ಇದನ್ನು ಮುಟ್ಟಬಾರದು. ಉಳಿದವರು ಶುರು ಮಾಡುವ ಮುನ್ನ ಲಿವರ್ ಫಂಕ್ಷನ್ ಪರೀಕ್ಷೆ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಒಂದು ಆಧಾರವಿರುತ್ತದೆ. ಕಾರಣವಿಲ್ಲದೆ ಸುಸ್ತು, ಊಟ ಸೇರದಿರುವುದು, ಮೈ ತುರಿಕೆ, ಬಲ ಪಕ್ಕೆಯ ಕೆಳಗೆ ನೋವು, ಕಷಾಯದಂತೆ ಗಾಢವಾದ ಮೂತ್ರ, ಹಳದಿ ಕಣ್ಣು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಮ್ಮ ಕಡೆ ಕಾಮಾಲೆ ಎಂದೊಡನೆ ನಾಟಿ ಔಷಧಿಗೆ ಓಡುವ ರೂಢಿ ಇದೆಯಲ್ಲ, ಒಂದು ಮೂಲಿಕೆಯಿಂದ ಪೆಟ್ಟು ತಿಂದ ಲಿವರಿನ ಮೇಲೆ ಇನ್ನೊಂದನ್ನು ಹೇರುವುದು ಇಲ್ಲಿ ಅತ್ಯಂತ ಅಪಾಯದ ಕೆಲಸ. ಯಾವ ತೊಂದರೆ ಕಾಣದಿದ್ದರೂ ವೈದ್ಯರ ಸಲಹೆಯಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಮುಂದುವರಿಸಬಾರದು ಎಂಬುದು ಯುರೋಪಿನ ಸೂಚನೆ. ಹಾರ್ಮೋನ್ ಅಲ್ಲವೆಂದು ಕಂಡುಬಂದಿದ್ದರೂ, ಸ್ತನ ಕ್ಯಾನ್ಸರ್ ಆದವರು ವೈದ್ಯರನ್ನು ಕೇಳಿಯೇ ಬಳಸಬೇಕೆಂಬ ಮಾತೂ ಅದರಲ್ಲಿದೆ.

ಉಳಿದವು

ರೆಡ್ ಕ್ಲೋವರ್‌ನಲ್ಲಿರುವುದೂ ಐಸೊಫ್ಲೇವೋನುಗಳೇ, ಆದ್ದರಿಂದ ಸೋಯಾದ ಎಚ್ಚರಿಕೆಗಳೆಲ್ಲ ಅದಕ್ಕೂ ಸಲ್ಲುತ್ತವೆ. ಅಗಸೆ ಬೀಜವನ್ನು 188 ಮಹಿಳೆಯರಲ್ಲಿ ಹುಸಿ ತಿನಿಸಿನೊಂದಿಗೆ ಹೋಲಿಸಿದಾಗ ಝಳದ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ; ಚಟ್ನಿಪುಡಿಯಾಗಿ ತಿನ್ನುವುದಕ್ಕೆ ನನ್ನ ಅಡ್ಡಿಯಿಲ್ಲ. ಈವನಿಂಗ್ ಪ್ರಿಮ್‌ರೋಸ್ ಎಣ್ಣೆಗೆ ಹಣ ಸುರಿಯುವುದು ದಂಡ. ಡಾಂಗ್ ಕ್ವಾಯ್ ಎಂಬ ಚೀನೀ ಬೇರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವ ತರಬಲ್ಲದು. ಜ್ಯೇಷ್ಠಮಧು ದಿನಗಟ್ಟಲೆ ತಿಂದರೆ ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸುತ್ತದೆ.

ಶತಾವರಿಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇದು ನಮ್ಮದೇ ಬೇರು. ಹಳ್ಳಿಗಳಲ್ಲಿ ಇದನ್ನು ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ, ಬಾಣಂತಿಯರಿಗೆ ಕೊಡುವ ರೂಢಿಯೂ ಹಳೆಯದು. ಆದರೆ ಹಾಲು ಹೆಚ್ಚಿಸಲು ಕೊಡುತ್ತಿದ್ದ ಮೂಲಿಕೆ ಮುಟ್ಟು ನಿಲ್ಲುವ ಕಾಲದ ಝಳಕ್ಕೂ ಆಗುತ್ತದೆ ಎಂಬುದು ಇತ್ತೀಚಿನ ಸೇರ್ಪಡೆ, ಅದಕ್ಕೆ ದೊಡ್ಡ ಪ್ರಯೋಗಗಳ ಬೆಂಬಲವಿಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಲಿವರಿಗೆ ಪೆಟ್ಟು ಕೊಟ್ಟ ವರದಿಗಳೂ ಅದರ ಮೇಲಿವೆ. ಕೊಹೋಶ್ ಜೊತೆ ಇವನ್ನು ಒಂದೇ ಕ್ಯಾಪ್ಸೂಲಿಗೆ ತುಂಬುವವರ ಧೈರ್ಯ ದೊಡ್ಡದು.

ಒಬ್ಬ ಶಿಕ್ಷಕಿಯ ಡಬ್ಬಿ

ಕಳೆದ ವರ್ಷ ಏಪ್ರಿಲ್ಲಿನಲ್ಲಿ 49 ವರ್ಷದ ಶಿಕ್ಷಕಿಯೊಬ್ಬರು ತಮ್ಮ ನಾದಿನಿ ಕೊಟ್ಟ ಡಬ್ಬಿಯೊಂದನ್ನು ಅಂಗಡಿಗೆ ತಂದರು. ಮುಟ್ಟು ನಿಂತು 14 ತಿಂಗಳಾಗಿತ್ತು, ಪಾಠ ಮಾಡುವಾಗಲೇ ಕುತ್ತಿಗೆಯಿಂದ ಮುಖಕ್ಕೆ ಝಳ ಏರುತ್ತಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 75 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಇತ್ತು. ಡಬ್ಬಿಯ ಪ್ರತಿ ಕ್ಯಾಪ್ಸೂಲಿನಲ್ಲಿ ಶೇ 40 ಐಸೊಫ್ಲೇವೋನ್ ಇರುವ ಸೋಯಾ ಸಾರ 125 ಮಿಲಿಗ್ರಾಂ, ಬ್ಲ್ಯಾಕ್ ಕೊಹೋಶ್ 40 ಮಿಲಿಗ್ರಾಂ, ಶತಾವರಿ ಮತ್ತು ಕ್ಯಾಲ್ಸಿಯಂ ಇದ್ದವು. ದಿನಕ್ಕೆ ಎರಡು ನುಂಗಬೇಕೆಂದು ಬರೆದಿತ್ತು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ಒಂದನ್ನು ನುಂಗಿಬಿಡುವುದು ಅವರ ಯೋಚನೆಯಾಗಿತ್ತು.

ಮೊದಲು ಸೋಯಾದ ಲೆಕ್ಕ ಹಾಕಿದೆವು. 125ರ ಶೇ 40 ಎಂದರೆ 50, ಎರಡು ಕ್ಯಾಪ್ಸೂಲಿಗೆ 100 ಮಿಲಿಗ್ರಾಂ. ಆದರೆ ಸೋಯಾದಲ್ಲಿ ಐಸೊಫ್ಲೇವೋನ್ ಬಹುಪಾಲು ಸಕ್ಕರೆಯ ಕಣಕ್ಕೆ ಅಂಟಿಕೊಂಡಿರುತ್ತದೆ. ಆ ಸಕ್ಕರೆಯ ತೂಕ ಕಳೆದರೆ ಉಳಿಯುವುದು ಸುಮಾರು 60 ಮಿಲಿಗ್ರಾಂ. ಲೇಬಲ್ಲಿನ ಅಂಕಿ ಸಕ್ಕರೆ ಸೇರಿಸಿದ್ದೋ ಕಳೆದದ್ದೋ ಎಂಬುದು ಅಲ್ಲಿ ಬರೆದಿರಲಿಲ್ಲ, ಹಾಗಾಗಿ ಅವರಿಗೆ ಸಿಗುವುದು 60 ಇರಬಹುದು, 100 ಇರಬಹುದು. ಕೊಹೋಶ್ ಬೇರಿನ ಲೆಕ್ಕವೋ ಸಾರದ ಲೆಕ್ಕವೋ ಎಂಬುದೂ ಇರಲಿಲ್ಲ. ಮುಖ್ಯ ತೊಡಕು ಇನ್ನೊಂದು: ಎರಡು ತಿಂಗಳ ಮೇಲೆ ಮೈ ತುರಿಸಿದರೆ ಅಥವಾ ರಕ್ತ ಕಂಡರೆ ಯಾವ ಬೇರನ್ನು ದೂರುವುದು? ಹಾಗೆಯೇ ಝಳ ಕಡಿಮೆಯಾದರೆ ಯಾವುದನ್ನು ಮುಂದುವರಿಸುವುದು? ಆದ್ದರಿಂದ ಮಿಶ್ರಣದ ಡಬ್ಬಿಯನ್ನು ಬಿಟ್ಟು, ಒಂದೇ ವಸ್ತುವಿರುವುದನ್ನು ಆರಿಸಲು ಹೇಳಿದೆ. ಡಬ್ಬಿಯ ಮೇಲೆ 14 ಅಂಕಿಗಳ ಎಫ್ಎಸ್ಎಸ್ಎಐ ಸಂಖ್ಯೆ ಇತ್ತು, ಆ ಸಂಖ್ಯೆ ಹೇಳುವುದು ತಯಾರಕರಿಗೆ ಆಹಾರ ವ್ಯವಹಾರದ ಪರವಾನಗಿ ಇದೆ ಎಂಬುದನ್ನಷ್ಟೇ. ಝಳಕ್ಕೆ ಗುಣವೆಂದು ಯಾರೋ ಪರೀಕ್ಷಿಸಿ ಒಪ್ಪಿದ್ದಾರೆಂದು ಅದರ ಅರ್ಥವಲ್ಲ.

ಅವರು ತಮ್ಮ ಸ್ತ್ರೀರೋಗ ತಜ್ಞರನ್ನು ಕಂಡು ಬಂದರು. ಹಾರ್ಮೋನ್ ಚಿಕಿತ್ಸೆ ಝಳವನ್ನು ಮುಕ್ಕಾಲು ಪಾಲು ತಗ್ಗಿಸಬಲ್ಲದು, ಅವರ ವಯಸ್ಸಿಗೆ ಅದೂ ಒಂದು ಆಯ್ಕೆಯೆಂದು ವೈದ್ಯರು ತಿಳಿಸಿದರು. ಇವರು ಮೊದಲು ಮೂರು ತಿಂಗಳು ಸೋಯಾ ನೋಡುವುದಾಗಿ ಹೇಳಿದರು. ಲಿವರ್, ಥೈರಾಯ್ಡಿನ ಸ್ಥಿತಿ ತೋರುವ ಟಿಎಸ್ಎಚ್ ಮತ್ತು ಮ್ಯಾಮೊಗ್ರಾಂ ಸರಿಯಿದ್ದವು. ಸೋಯಾವನ್ನೇ ಆರಿಸಲು ಕಾರಣ, ಮನೆತನದಲ್ಲಿ ಸ್ತನ ಕ್ಯಾನ್ಸರ್ ಇರಲಿಲ್ಲ, ಕೊಹೋಶಿನ ಸರಿಯಾದ ಸಾರ ನಮ್ಮಲ್ಲಿ ಖಚಿತವಾಗಿ ಸಿಗುತ್ತಿರಲಿಲ್ಲ. ಥೈರಾಯ್ಡ್ ಇರುವವರಿಗೆ ಸೋಯಾ ಬೇಡವಲ್ಲವೇ ಎಂದು ಹಲವರು ಕೇಳುತ್ತಾರೆ. ಸೋಯಾ ಮತ್ತು ಕ್ಯಾಲ್ಸಿಯಂ ಎರಡೂ ಥೈರಾಕ್ಸಿನ್ ಕರುಳಿನಲ್ಲಿ ಹೀರಿಕೊಳ್ಳುವುದನ್ನು ತಡೆಯುತ್ತವೆ ಎಂಬುದಷ್ಟೇ ತೊಂದರೆ. ನಾಲ್ಕು ಗಂಟೆಗಳ ಅಂತರವಿಟ್ಟರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಬೆಳಿಗ್ಗೆ ಆರಕ್ಕೆ ಥೈರಾಕ್ಸಿನ್, ರಾತ್ರಿ ಊಟದೊಂದಿಗೆ ಸೋಯಾ ಎಂದು ನಿಗದಿಯಾಯಿತು. (ಮಾತ್ರೆಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿಯುವ ಅವರ ಅಭ್ಯಾಸವೂ ಇದೇ ತಡೆಯನ್ನು ಒಡ್ಡುತ್ತಿತ್ತು. ಅದನ್ನು ಒಂದು ಗಂಟೆ ಮುಂದೂಡಲು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.)

ಕ್ಯಾಪ್ಸೂಲ್ ಶುರು ಮಾಡುವ ಮುನ್ನ ಎರಡು ವಾರ ದಿನಕ್ಕೆಷ್ಟು ಝಳ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿದ್ದೆ. ಸರಾಸರಿ ಎಂಟು ಬಂತು. ಎಂಟನೆಯ ವಾರ ಟಿಎಸ್ಎಚ್ ಮತ್ತೆ ನೋಡಿದಾಗ ಏರಿರಲಿಲ್ಲ. ಹನ್ನೆರಡನೆಯ ವಾರಕ್ಕೆ ಎಣಿಕೆ ಐದಕ್ಕೆ ಇಳಿದಿತ್ತು. ಅವರಿಗೆ ಸಂತೋಷವಾಯಿತು, ನನಗೆ ಅನುಮಾನ ಉಳಿಯಿತು. ಹುಸಿ ಮಾತ್ರೆ ನುಂಗಿದವರಲ್ಲೂ ಮೂರನೆಯ ಒಂದು ಭಾಗದಷ್ಟು ಝಳ ಇಳಿಯುವುದು ಇಂಥ ಪ್ರಯೋಗಗಳಲ್ಲಿ ಸಾಮಾನ್ಯ. ಎಂಟಕ್ಕೆ ಆ ಲೆಕ್ಕ ಹಾಕಿದರೆ ಬರುವುದು ಐದೂವರೆಯ ಹತ್ತಿರ. ಮೇಲಾಗಿ ಅವರು ಶುರು ಮಾಡಿದ್ದು ಬೆಂಗಳೂರಿನ ಅತಿ ಬಿಸಿಲಿನ ತಿಂಗಳಲ್ಲಿ, ಎಣಿಸಿ ಮುಗಿಸಿದ್ದು ಜಿಟಿಜಿಟಿ ಮಳೆಯ ಜುಲೈಯಲ್ಲಿ. ಇಳಿದ ಮೂರು ಝಳಗಳಲ್ಲಿ ಸೋಯಾದ ಪಾಲೆಷ್ಟು, ಮಳೆಯದೆಷ್ಟು?

ತಿಳಿಯಲು ಇದ್ದ ದಾರಿ ಒಂದೇ, ನಿಲ್ಲಿಸಿ ನೋಡುವುದು. ಆಗಸ್ಟಿನಲ್ಲಿ ನಾಲ್ಕು ವಾರ ಬಿಟ್ಟು ಎಣಿಸಿದರು. ಹವೆ ಹಾಗೆಯೇ ತಂಪಾಗಿದ್ದರೂ ಎಣಿಕೆ ಐದರಿಂದ ಆರರ ನಡುವೆಯೇ ನಿಂತಿತು, ಎಂಟಕ್ಕೆ ಮರಳಲಿಲ್ಲ. ಸೋಯಾ ಮಾಡಿದ ಕೆಲಸ, ಮಾಡಿದ್ದರೂ, ದಿನಕ್ಕೆ ಒಂದು ಝಳಕ್ಕಿಂತ ಕಡಿಮೆ ಎಂದು ಅವರೇ ಕ್ಯಾಲೆಂಡರ್ ನೋಡಿ ಹೇಳಿದರು. ಮತ್ತೆ ಡಬ್ಬಿ ಕೊಳ್ಳಲಿಲ್ಲ. ರಾತ್ರಿಯ ಬೆವರು ನಿದ್ದೆ ಕೆಡಿಸುತ್ತಲೇ ಇದ್ದದ್ದರಿಂದ ಸೆಪ್ಟೆಂಬರಿನಲ್ಲಿ ಆ ಕ್ಯಾಲೆಂಡರಿನ ಹಾಳೆಗಳನ್ನು ಹಿಡಿದು, ಹಾರ್ಮೋನ್ ಪ್ಯಾಚ್ ಬಗ್ಗೆ ಮಾತಾಡಲು ವೈದ್ಯರ ಬಳಿಗೆ ಹೋದರು.